ನಿಮ್ಮ ಉತ್ತರ ಎಷ್ಟು ಪಟ್ಟು ತಪ್ಪಿದೆ? ಪಿಪಿಎಂ, ಮೈಕ್ರೊಗ್ರಾಂ, ಶೇಕಡಾ ಲೆಕ್ಕಗಳ ದೋಷ ನಿವಾರಣೆ

ಮಾಲಿನ್ಯದ ಲೆಕ್ಕ ಮುಗಿಸಿ ಪುಸ್ತಕದ ಕೊನೆಯ ಪುಟ ತೆಗೆದು ನೋಡಿದರೆ ಉತ್ತರ ಬೇರೆಯೇ ಇರುತ್ತದೆ. ಆಗ ಬಹಳ ಜನ ಇಡೀ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡುತ್ತಾರೆ. ತಪ್ಪು ಎಲ್ಲಿದೆ ಅಂತ ಗೊತ್ತಿಲ್ಲದ ಕಾರಣ ಅದೇ ಜಾಗದಲ್ಲಿ ಮತ್ತೆ ಎಡವುತ್ತಾರೆ.

ಇದಕ್ಕಿಂತ ಬೇಗ ಆಗುವ ಕೆಲಸ ಒಂದಿದೆ. ನಿಮ್ಮ ಉತ್ತರವನ್ನು ಪುಸ್ತಕದ ಉತ್ತರದಿಂದ ಭಾಗಿಸಿ. ಬಂದ ಅಂಕಿಯನ್ನು ಬದಿಯಲ್ಲಿ ಬರೆದುಕೊಳ್ಳಿ. ಈ ಅಧ್ಯಾಯದಲ್ಲಿ ಆಗುವ ತಪ್ಪುಗಳು ನಾಲ್ಕೈದು ಬಗೆಯವು ಮಾತ್ರ, ಮತ್ತು ಪ್ರತಿ ತಪ್ಪೂ ತನ್ನದೇ ಆದ ಒಂದು ಅಂಕಿಯನ್ನು ಬಿಟ್ಟುಹೋಗುತ್ತದೆ. 1000 ಬಂದರೆ ಒಂದು ಕಥೆ, 1.09 ಬಂದರೆ ಇನ್ನೊಂದು, 382 ಬಂದರೆ ಮತ್ತೊಂದು. ಈ ಅಂಕಿಯನ್ನು ಇಲ್ಲಿ "ಪಟ್ಟು" ಅಂತ ಕರೆಯೋಣ.

## ಮೊದಲು ಸರಿಯಾದ ಲೆಕ್ಕ ಒಂದನ್ನು ನೋಡಿಕೊಳ್ಳಿ

ಪ್ರಶ್ನೆ ಹೀಗಿದೆ: ಒಂದು ಊರಿನ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್‌ನ 24 ಗಂಟೆಗಳ ಸರಾಸರಿ 0.05 ಪಿಪಿಎಂ. ತಾಪಮಾನ 25 ಡಿಗ್ರಿ ಸೆಲ್ಸಿಯಸ್, ಒತ್ತಡ 1 ಅಟ್ಮಾಸ್ಫಿಯರ್. ಇದು ರಾಷ್ಟ್ರೀಯ ಮಾನದಂಡವನ್ನು ಮೀರಿದೆಯೇ?

ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ಮಾನದಂಡದಲ್ಲಿ ಸಲ್ಫರ್ ಡೈಆಕ್ಸೈಡ್‌ಗೆ 24 ಗಂಟೆಗಳ ಮಿತಿ ಘನಮೀಟರಿಗೆ 80 ಮೈಕ್ರೊಗ್ರಾಂ. ಪ್ರಶ್ನೆ ಪಿಪಿಎಂನಲ್ಲಿದೆ, ಮಿತಿ ಮೈಕ್ರೊಗ್ರಾಂನಲ್ಲಿದೆ. ಬದಲಾಯಿಸದೆ ಹೋಲಿಸುವ ಹಾಗಿಲ್ಲ.

ಗಾಳಿಯಲ್ಲಿ ಪಿಪಿಎಂ ಅಂದರೆ ಗಾತ್ರಕ್ಕೆ ಗಾತ್ರ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಆ ಅನಿಲ ಎಷ್ಟು ಭಾಗ ಜಾಗ ತುಂಬಿದೆ ಅನ್ನುವುದು. ಒಂದು ಘನಮೀಟರ್ ಅಂದರೆ ಹತ್ತು ಲಕ್ಷ ಮಿಲಿಲೀಟರ್. ಹಾಗಾಗಿ 1 ಪಿಪಿಎಂ ಅಂದರೆ ಒಂದು ಘನಮೀಟರ್ ಗಾಳಿಯಲ್ಲಿ 1 ಮಿಲಿಲೀಟರ್ ಅನಿಲ. ಇದೊಂದು ವಾಕ್ಯ ನೆನಪಿದ್ದರೆ ಸೂತ್ರ ಮರೆತರೂ ನಡೆಯುತ್ತದೆ.

ನಮ್ಮ ಪ್ರಶ್ನೆಯಲ್ಲಿ ಒಂದು ಘನಮೀಟರಿಗೆ 0.05 ಮಿಲಿಲೀಟರ್, ಅಂದರೆ 0.00005 ಲೀಟರ್ ಅನಿಲ ಇದೆ. 25 ಡಿಗ್ರಿಯಲ್ಲಿ ಒಂದು ಮೋಲ್ ಅನಿಲ ತುಂಬುವ ಜಾಗ 24.45 ಲೀಟರ್. ಒಂದು ಮೋಲ್ ಸಲ್ಫರ್ ಡೈಆಕ್ಸೈಡ್‌ನ ತೂಕ 64 ಗ್ರಾಂ. 0.00005ನ್ನು 24.45ರಿಂದ ಭಾಗಿಸಿ 64ರಿಂದ ಗುಣಿಸಿದರೆ 0.0001309 ಗ್ರಾಂ. ಅದು 130.9 ಮೈಕ್ರೊಗ್ರಾಂ. ಮಿತಿ 80. ಮೀರಿದೆ.

ಇದನ್ನೇ ಒಂದು ಸಾಲಿನಲ್ಲಿ ಬರೆದರೆ:

```
µg/m³ = ppm × M × 1000 / 24.45
ppm   = µg/m³ × 24.45 / (M × 1000)
```

ಇಲ್ಲಿ M ಅಂದರೆ ಅಣುತೂಕ. ಮಿತಿಯನ್ನೇ ಉಲ್ಟಾ ಮಾಡಿ ನೋಡಿದರೆ 80 ಮೈಕ್ರೊಗ್ರಾಂ ಅಂದರೆ ಸುಮಾರು 0.031 ಪಿಪಿಎಂ. 0.05 ಅದಕ್ಕಿಂತ ಜಾಸ್ತಿ. ಎರಡು ಕಡೆಯಿಂದಲೂ ಒಂದೇ ತೀರ್ಪು ಬಂತು. ಈ 130.9ನ್ನು ಮುಂದಿನ ಗಾಳಿಯ ಲಕ್ಷಣಗಳಿಗೆಲ್ಲ ಅಳತೆಗೋಲಾಗಿ ಇಟ್ಟುಕೊಳ್ಳೋಣ.

## ಲಕ್ಷಣ: ಉತ್ತರ ಸರಿಯಾಗಿ 1000 ಪಟ್ಟು ಹೆಚ್ಚು ಅಥವಾ ಕಡಿಮೆ

130.9 ಬರಬೇಕಾದಲ್ಲಿ 0.1309 ಅಥವಾ 1,30,900 ಬಂದಿದೆ. ಅಂಕಿಗಳು ಅವೇ, ಬಿಂದು ಮಾತ್ರ ಜರುಗಿದೆ. ಇದು ಎಲ್ಲಕ್ಕಿಂತ ಹಗುರವಾದ ದೋಷ. ನಿಮ್ಮ ವಿಧಾನ ಸರಿಯಿದೆ, ಅದನ್ನು ಮುಟ್ಟಬೇಡಿ.

ಮೊದಲು ಸೂತ್ರದ 1000 ಬಿಟ್ಟುಹೋಗಿದೆಯಾ ನೋಡಿ. ಆ 1000 ಇಲ್ಲದಿದ್ದರೆ ಬರುವ ಉತ್ತರ ಮಿಲಿಗ್ರಾಂನಲ್ಲಿ ಇರುತ್ತದೆ. 0.1309 ತಪ್ಪು ಸಂಖ್ಯೆಯಲ್ಲ, ಅದು ಘನಮೀಟರಿಗೆ 0.1309 ಮಿಲಿಗ್ರಾಂ. ಪಕ್ಕದಲ್ಲಿ ಬರೆದ ಏಕಮಾನ ಮಾತ್ರ ತಪ್ಪು.

ಅದು ಸರಿ ಇದ್ದರೆ ಪ್ರಶ್ನೆಯ ಮುದ್ರಣವನ್ನೇ ಅನುಮಾನಿಸಿ. ಇದು ಕನ್ನಡದಲ್ಲಿ ಅಚ್ಚಾದ ಪ್ರಶ್ನೆಪತ್ರಿಕೆ ಮತ್ತು ನೋಟ್ಸ್‌ಗಳಲ್ಲಿ ನಿಜವಾಗಿ ಕಾಡುವ ಸಂಗತಿ. ಮೈಕ್ರೊ ಚಿಹ್ನೆ `µ` ಅನ್ನು ಹಲವರು `Symbol` ಫಾಂಟ್‌ನಲ್ಲಿ `m` ಅಕ್ಷರ ಒತ್ತಿ ಮೂಡಿಸುತ್ತಾರೆ. ಕಡತವನ್ನು ಬೇರೆ ಫಾಂಟ್‌ಗೆ ಬದಲಾಯಿಸಿದಾಗ ಆ ಚಿಹ್ನೆ ಮತ್ತೆ `m` ಆಗಿಬಿಡುತ್ತದೆ. `µg` ಇದ್ದದ್ದು `mg` ಆಗಿ ಅಚ್ಚಾಗುತ್ತದೆ, ಓದುವವರಿಗೆ ಯಾವ ಅನುಮಾನವೂ ಬರುವುದಿಲ್ಲ. ಊರಿನ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಘನಮೀಟರಿಗೆ 80 ಮಿಲಿಗ್ರಾಂ ಇದೆ ಅಂತ ಪ್ರಶ್ನೆ ಹೇಳಿದರೆ ಅದು 30 ಪಿಪಿಎಂ ಆಯಿತು. ಅಂಥ ಗಾಳಿಯಲ್ಲಿ ಕಣ್ಣು, ಗಂಟಲು ಉರಿದು ಜನ ನಿಲ್ಲಲಾರರು. ಅಚ್ಚಿನ ತಪ್ಪು ಅಂತ ಅಲ್ಲೇ ಗೊತ್ತಾಗುತ್ತದೆ.

ಮೂರನೆಯದು ಕಾರ್ಬನ್ ಮೊನಾಕ್ಸೈಡ್. ಮಾನದಂಡದ ಪಟ್ಟಿಯಲ್ಲಿ ಬೇರೆ ಅನಿಲಗಳೆಲ್ಲ ಮೈಕ್ರೊಗ್ರಾಂನಲ್ಲಿರುವಾಗ ಇದು ಮಾತ್ರ ಮಿಲಿಗ್ರಾಂನಲ್ಲಿದೆ. 8 ಗಂಟೆಗೆ 2, 1 ಗಂಟೆಗೆ 4. ಗಾಳಿಯಲ್ಲಿ 3 ಪಿಪಿಎಂ ಕಾರ್ಬನ್ ಮೊನಾಕ್ಸೈಡ್ ಇದ್ದರೆ ಸೂತ್ರದಿಂದ ಸುಮಾರು 3436 ಮೈಕ್ರೊಗ್ರಾಂ ಬರುತ್ತದೆ. ಅದನ್ನು 4ರ ಜೊತೆ ಹಾಗೇ ಹೋಲಿಸಿ "ಸಾವಿರ ಪಟ್ಟು ಮೀರಿದೆ" ಅಂತ ಬರೆದವರಿದ್ದಾರೆ. ನಿಜವಾಗಿ ಅದು 3.4 ಮಿಲಿಗ್ರಾಂ. ಒಂದು ಗಂಟೆಯ ಮಿತಿಯ ಒಳಗೇ ಇದೆ.

## ಲಕ್ಷಣ: 100 ಅಥವಾ 10,000 ಪಟ್ಟು ವ್ಯತ್ಯಾಸ

ಇದು ಶೇಕಡಾದ ಕೆಲಸ. ಶೇಕಡಾ ಅಂದರೆ ನೂರಕ್ಕೆ ಇಷ್ಟು, ಪಿಪಿಎಂ ಅಂದರೆ ಹತ್ತು ಲಕ್ಷಕ್ಕೆ ಇಷ್ಟು. ನೂರರಿಂದ ಹತ್ತು ಲಕ್ಷಕ್ಕೆ 10,000 ಪಟ್ಟು. ಹಾಗಾಗಿ 1% ಅಂದರೆ 10,000 ಪಿಪಿಎಂ.

ಪಟ್ಟು 10,000 ಬಂದರೆ ಶೇಕಡಾದಲ್ಲಿ ಕೊಟ್ಟ ಅಂಕಿಯನ್ನೇ ಪಿಪಿಎಂ ಅಂದುಕೊಂಡಿದ್ದೀರಿ, ಅಥವಾ ಉಲ್ಟಾ. ಪಟ್ಟು 100 ಬಂದರೆ ಅರ್ಧ ದಾರಿ ಮಾತ್ರ ಬಂದಿದ್ದೀರಿ. ಪಿಪಿಎಂ ಅನ್ನು ಹತ್ತು ಲಕ್ಷದಿಂದ ಭಾಗಿಸಿ ನಿಲ್ಲಿಸಿದ್ದೀರಿ. ಅದು ಭಿನ್ನರಾಶಿ ಆಯಿತು, ಶೇಕಡಾ ಆಗಲಿಲ್ಲ. ಮತ್ತೆ 100ರಿಂದ ಗುಣಿಸಬೇಕು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಈಗ ಸುಮಾರು 420 ಪಿಪಿಎಂ. ಅದು 0.042%. ಈ ಜೋಡಿ ನೆನಪಿದ್ದರೆ ಬಿಂದು ಎಲ್ಲಿ ಬರಬೇಕು ಅಂತ ತಕ್ಷಣ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮ. ಗಾಳಿಯಲ್ಲಿ ಶೇಕಡಾ ಕೂಡ ಗಾತ್ರದ್ದೇ. ಆದ್ದರಿಂದ ಮೈಕ್ರೊಗ್ರಾಂನಿಂದ ಶೇಕಡಾಕ್ಕೆ ನೇರ ಜಿಗಿಯುವ ಹಾಗಿಲ್ಲ. ಮೊದಲು ಪಿಪಿಎಂಗೆ ಬಂದು, ಅಲ್ಲಿಂದ 10,000ದಿಂದ ಭಾಗಿಸಿ ಶೇಕಡಾಕ್ಕೆ ಹೋಗಬೇಕು. 130.9 ಮೈಕ್ರೊಗ್ರಾಂ ಅಂದರೆ 0.05 ಪಿಪಿಎಂ, ಅಂದರೆ 0.000005%.

ಪೆಟ್ರೋಲ್ ಗಾಡಿಯ ಎಮಿಷನ್ ಟೆಸ್ಟ್ ಚೀಟಿ ಮನೆಯಲ್ಲಿದ್ದರೆ ತೆಗೆದು ನೋಡಿ. ಒಂದೇ ಚೀಟಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾದಲ್ಲಿ, ಹೈಡ್ರೊಕಾರ್ಬನ್ ಪಿಪಿಎಂನಲ್ಲಿ ಇರುತ್ತದೆ. ಒಂದು ಕಡೆ 0.3, ಇನ್ನೊಂದು ಕಡೆ 150 ಅಂತ ಇದ್ದರೆ ಎರಡನೆಯದೇ ದೊಡ್ಡದು ಅನ್ನಿಸುತ್ತದೆ ಅಲ್ವಾ? ಆದರೆ 0.3% ಅಂದರೆ 3000 ಪಿಪಿಎಂ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇಪ್ಪತ್ತು ಪಟ್ಟು ಜಾಸ್ತಿ ಇದೆ.

ಎಚ್ಚರಿಕೆ. ಈ 0.3 ಅನ್ನುವ ಸಣ್ಣ ಅಂಕಿ ನಿಜ ಜೀವನದಲ್ಲಿ ಮೋಸ ಮಾಡುತ್ತದೆ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಕಾರ್ಬನ್ ಮೊನಾಕ್ಸೈಡ್ 1200 ಪಿಪಿಎಂ ಇದ್ದರೆ ತಕ್ಷಣ ಜೀವಕ್ಕೆ ಅಪಾಯ ಅನ್ನುತ್ತದೆ. ಶೇಕಡಾದಲ್ಲಿ ಅದು ಬರೀ 0.12. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಆನ್ ಮಾಡಿ ಬಿಡಬೇಡಿ. ಈ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

## ಲಕ್ಷಣ: ಉತ್ತರ ನೂರಾರು ಪಟ್ಟು ದೊಡ್ಡದು, ಅದೂ ವಿಚಿತ್ರ ಅಂಕಿ

130.9 ಬರಬೇಕಾದಲ್ಲಿ 50,000 ಬಂದಿದೆ. ಭಾಗಿಸಿದರೆ 382. ಕಾರ್ಬನ್ ಮೊನಾಕ್ಸೈಡ್ ಲೆಕ್ಕವಾದರೆ ಈ ಅಂಕಿ 873. ಸೊನ್ನೆಗಳು ಜರುಗಿದ್ದರೆ ಹೀಗೆ ಬರುವುದಿಲ್ಲ. ಇಲ್ಲಿ ವಿಧಾನವೇ ತಪ್ಪಿದೆ.

ನಡೆದದ್ದು ಇಷ್ಟು: ನೀರಿನ ನಿಯಮವನ್ನು ಗಾಳಿಗೆ ಹಾಕಿದ್ದೀರಿ. ನೀರಿನಲ್ಲಿ 1 ಪಿಪಿಎಂ ಅಂದರೆ ಲೀಟರಿಗೆ 1 ಮಿಲಿಗ್ರಾಂ. ಅದು ತಲೆಯಲ್ಲಿ ಕೂತಿರುತ್ತದೆ. ಹಾಗಾಗಿ 0.05 ಪಿಪಿಎಂ ಸಲ್ಫರ್ ಡೈಆಕ್ಸೈಡ್ ಅಂದ ಕೂಡಲೇ ಲೀಟರಿಗೆ 0.05 ಮಿಲಿಗ್ರಾಂ, ಘನಮೀಟರಿಗೆ 50 ಮಿಲಿಗ್ರಾಂ, ಅಂದರೆ 50,000 ಮೈಕ್ರೊಗ್ರಾಂ ಅಂತ ಬರೆದುಬಿಡುತ್ತೇವೆ. ಒಂದೊಂದು ಹೆಜ್ಜೆಯೂ ಸರಿಯಾಗಿ ಕಾಣುತ್ತದೆ, ಆರಂಭವೇ ತಪ್ಪು.

ಪಕ್ಕಾ ಮಾಡಿಕೊಳ್ಳಲು 24,450ನ್ನು ಅಣುತೂಕದಿಂದ ಭಾಗಿಸಿ. 64ರಿಂದ ಭಾಗಿಸಿದರೆ 382, 28ರಿಂದ ಭಾಗಿಸಿದರೆ 873. ನಿಮ್ಮ ಪಟ್ಟು ಇದಕ್ಕೆ ಹೊಂದಿದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ.

ಇದರ ಅಣ್ಣತಮ್ಮನಂಥ ಇನ್ನೊಂದು ತಪ್ಪಿದೆ. ಗಾಳಿಯ ಪಿಪಿಎಂ ಅನ್ನು ತೂಕಕ್ಕೆ ತೂಕ ಅಂದುಕೊಂಡು, ಗಾಳಿಯ ಸಾಂದ್ರತೆ ಘನಮೀಟರಿಗೆ 1.18 ಕಿಲೋಗ್ರಾಂ ಅಂತ ಹಿಡಿದು ಗುಣಿಸುವುದು. ಆಗ 59 ಮೈಕ್ರೊಗ್ರಾಂ ಬರುತ್ತದೆ. ಪಟ್ಟು 0.45. ಇದು ತುಂಬ ಅಪಾಯಕಾರಿ, ಯಾಕೆಂದರೆ 59 ನಂಬುವ ಹಾಗಿದೆ, ಮಿತಿಯಾದ 80ಕ್ಕಿಂತ ಕಡಿಮೆಯೂ ಇದೆ. ಮೀರಿದ ಗಾಳಿಯನ್ನು "ಮೀರಿಲ್ಲ" ಅಂತ ಬರೆದು ಬಂದುಬಿಡುತ್ತೀರಿ. ಗಾಳಿಯ ಸರಾಸರಿ ಅಣುತೂಕ ಸುಮಾರು 29. ಅದನ್ನು 64ರಿಂದ ಭಾಗಿಸಿದರೆ 0.45. ಪಟ್ಟು ಹೀಗೆ ಹೊಂದಿದರೆ ತೂಕದ ದಾರಿ ಬಿಟ್ಟು ಗಾತ್ರದ ದಾರಿಗೆ ಬನ್ನಿ.

ಪಟ್ಟು 0.146 ಬಂದರೆ ಸೂತ್ರವನ್ನು ತಲೆಕೆಳಗು ಮಾಡಿದ್ದೀರಿ. ಅಣುತೂಕದಿಂದ ಭಾಗಿಸಿ 24.45ರಿಂದ ಗುಣಿಸಿದ್ದೀರಿ. ಸಲ್ಫರ್ ಡೈಆಕ್ಸೈಡ್‌ನಂಥ ಭಾರದ ಅನಿಲದಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ಕಾರ್ಬನ್ ಮೊನಾಕ್ಸೈಡ್‌ನಲ್ಲಿ ಕಾಣುವುದಿಲ್ಲ, ಯಾಕೆಂದರೆ 28 ಮತ್ತು 24.45 ಹತ್ತಿರ ಹತ್ತಿರ ಇವೆ. ಅಲ್ಲಿ ಪಟ್ಟು 0.76 ಮಾತ್ರ. ಸೂತ್ರದ ಬಗ್ಗೆ ಅನುಮಾನ ಬಂದರೆ ಹೀಗೆ ಯೋಚಿಸಿ: ಪಿಪಿಎಂ ಅಷ್ಟೇ ಇದ್ದರೆ ಭಾರದ ಅನಿಲ ಜಾಸ್ತಿ ತೂಗಬೇಕು. ಆದ್ದರಿಂದ ಪಿಪಿಎಂನಿಂದ ಮೈಕ್ರೊಗ್ರಾಂಗೆ ಹೋಗುವಾಗ ಅಣುತೂಕ ಮೇಲೆಯೇ ಇರಬೇಕು.

## ಲಕ್ಷಣ: ಉತ್ತರ ಹತ್ತಿರ ಬಂದಿದೆ, ಆದರೆ ಹೊಂದುತ್ತಿಲ್ಲ

ಪುಸ್ತಕದಲ್ಲಿ 130.9, ನಿಮ್ಮದು 142.9. ಪಟ್ಟು 1.09. ಇದಕ್ಕೆ ಕಾರಣ ಒಂದೇ: 24.45ರ ಜಾಗದಲ್ಲಿ 22.4 ಹಾಕಿದ್ದೀರಿ. ಪಿಯುಸಿ ರಸಾಯನಶಾಸ್ತ್ರದಲ್ಲಿ ಮೋಲ್ ಅಂದ ಕೂಡಲೇ 22.4 ಅಂತ ಕೈ ಬರೆಯುತ್ತದೆ. ಆದರೆ 22.4 ಲೀಟರ್ 0 ಡಿಗ್ರಿಯಲ್ಲಿ. 25 ಡಿಗ್ರಿಗೆ ಬಿಸಿಯಾದರೆ ಅದೇ ಒಂದು ಮೋಲ್ ಹಿಗ್ಗಿ 24.45 ಲೀಟರ್ ಆಗುತ್ತದೆ. ನಿಮ್ಮ ಪಟ್ಟು 0.92 ಬಂದರೆ ಉಲ್ಟಾ: ಪುಸ್ತಕ 0 ಡಿಗ್ರಿ ಹಿಡಿದಿದೆ, ನೀವು 25 ಹಿಡಿದಿದ್ದೀರಿ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಈ ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಡುತ್ತಾರೆ. ತಾಪಮಾನ ಏನು ಕೊಟ್ಟಿದ್ದಾರೆ ಅಂತ ಮತ್ತೊಮ್ಮೆ ಓದಿ.

0 ಅಲ್ಲ, 25 ಅಲ್ಲ, ಬೇರೆ ಏನೋ ಕೊಟ್ಟಿದ್ದರೆ ಜಾಗವನ್ನು ನಾವೇ ಲೆಕ್ಕ ಹಾಕಬೇಕು. ಬೆಂಗಳೂರನ್ನೇ ತೆಗೆದುಕೊಳ್ಳೋಣ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ ಇರುವುದಿಲ್ಲ, 680ರ ಆಸುಪಾಸು ಇರುತ್ತದೆ. ಪ್ರಶ್ನೆಯಲ್ಲಿ 30 ಡಿಗ್ರಿ ಸೆಲ್ಸಿಯಸ್, 680 ಮಿಲಿಮೀಟರ್ ಅಂತ ಕೊಟ್ಟಿದ್ದಾರೆ ಅಂದುಕೊಳ್ಳಿ.

```
V = 22.4 × (303/273) × (760/680) = 27.786
0.05 × 64 × 1000 / 27.786 = 115.2
```

ಅದೇ 0.05 ಪಿಪಿಎಂ, ಆದರೆ ಘನಮೀಟರಿಗೆ 130.9ರ ಬದಲು 115.2 ಮೈಕ್ರೊಗ್ರಾಂ. ಅನಿಲದ ಪಾಲು ಬದಲಾಗಿಲ್ಲ. ಒಂದು ಘನಮೀಟರಿನಲ್ಲಿರುವ ಗಾಳಿಯೇ ತೆಳುವಾಗಿದೆ, ಅದರ ಜೊತೆ ಸಲ್ಫರ್ ಡೈಆಕ್ಸೈಡ್ ಕೂಡ ತೆಳುವಾಗಿದೆ. ಅದಕ್ಕೇ ಪಿಪಿಎಂ ಊರಿಂದ ಊರಿಗೆ ಹೋದರೂ ಬದಲಾಗದ ಅಳತೆ, ಮೈಕ್ರೊಗ್ರಾಂ ಹಾಗಲ್ಲ.

ಇಲ್ಲಿ ಎರಡು ಕಡೆ ಜಾರುತ್ತಾರೆ. ಒಂದು, ಸೆಲ್ಸಿಯಸ್ ಅನ್ನು ಹಾಗೇ ಹಾಕುವುದು. 22.4ರಿಂದ ಹೊರಟರೆ 30ನ್ನು 0ಯಿಂದ ಭಾಗಿಸಬೇಕಾಗುತ್ತದೆ, ಕ್ಯಾಲ್ಕುಲೇಟರ್ `Error` ತೋರಿಸುತ್ತದೆ, ತಪ್ಪು ಗೊತ್ತಾಗುತ್ತದೆ. 24.45ರಿಂದ ಹೊರಟು 30ನ್ನು 25ರಿಂದ ಭಾಗಿಸಿದರೆ ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಗಾಳಿ ಐದು ಡಿಗ್ರಿಗೆ ಶೇಕಡಾ 20 ಹಿಗ್ಗಿತು ಅಂತ ಆಗುತ್ತದೆ. ನಿಜವಾಗಿ ಹಿಗ್ಗುವುದು ಶೇಕಡಾ 2ಕ್ಕೂ ಕಡಿಮೆ. ಯಾವಾಗಲೂ 273 ಕೂಡಿಸಿಯೇ ಮುಂದೆ ಹೋಗಿ.

ಇನ್ನೊಂದು, ಒತ್ತಡದ ಭಿನ್ನರಾಶಿಯನ್ನು ತಿರುಗಿಸಿ 680/760 ಅಂತ ಬರೆಯುವುದು. ಆಗ ಉತ್ತರ 143.9 ಬರುತ್ತದೆ. ಎತ್ತರದ ಊರಿನಲ್ಲಿ, ಬಿಸಿ ಗಾಳಿಯಲ್ಲಿ ಮೈಕ್ರೊಗ್ರಾಂ 130.9ಕ್ಕಿಂತ ಕಡಿಮೆ ಆಗಬೇಕು. ಜಾಸ್ತಿ ಬಂದಿದ್ದರೆ ಮೇಲೆ ಕೆಳಗೆ ಅದಲು ಬದಲಾಗಿದೆ ಅಂತಲೇ ಅರ್ಥ.

## ಲಕ್ಷಣ: ನೀರಿನ ಲೆಕ್ಕದಲ್ಲಿ ಉತ್ತರ ತಪ್ಪಿದೆ

ನೀರಿನಲ್ಲಿ ಕೆಲಸ ಸಲೀಸು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಒಂದು ಕಿಲೋ ಅಂದರೆ ಹತ್ತು ಲಕ್ಷ ಮಿಲಿಗ್ರಾಂ. ಹಾಗಾಗಿ ಲೀಟರಿಗೆ 1 ಮಿಲಿಗ್ರಾಂ ಅಂದರೆ 1 ಪಿಪಿಎಂ. ಅಣುತೂಕ ಬೇಡ, ತಾಪಮಾನ ಬೇಡ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಫ್ಲೋರೈಡ್‌ನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದು 1.5 ಪಿಪಿಎಂ, ಅದು 0.00015%. ಪಾವಗಡದ ಕೊಳವೆಬಾವಿಯ ನೀರಾದರೂ ಅಷ್ಟೇ, ಮಂಗಳೂರಿನ ನಲ್ಲಿಯ ನೀರಾದರೂ ಅಷ್ಟೇ.

ಫ್ಲೋರೈಡ್ ಲೆಕ್ಕದಲ್ಲಿ ಪಟ್ಟು 0.78 ಬಂದರೆ ಗಾಳಿಯ ಸೂತ್ರವನ್ನು ನೀರಿಗೆ ಹಾಕಿದ್ದೀರಿ: 19ನ್ನು 24.45ರಿಂದ ಭಾಗಿಸಿದರೆ 0.78. ಸುಮ್ನೆ ಅಳಿಸಿಬಿಡಿ. ಪಟ್ಟು 1.02 ಅಥವಾ 1.03ರ ಹತ್ತಿರ ಇದ್ದರೆ ಪ್ರಶ್ನೆಯಲ್ಲಿ ಸಮುದ್ರದ ನೀರು ಇದೆಯಾ ನೋಡಿ. ಅದರ ಸಾಂದ್ರತೆ ಲೀಟರಿಗೆ 1.025 ಕಿಲೋ. ಕಿಲೋಗೆ 35 ಗ್ರಾಂ ಉಪ್ಪು ಅಂದರೆ 35,000 ಪಿಪಿಎಂ, 3.5%. ಆದರೆ ಲೀಟರಿಗೆ ಅದು 35,875 ಮಿಲಿಗ್ರಾಂ. ಸಿಹಿನೀರಿನಲ್ಲಿ ಈ ತಲೆನೋವು ಇಲ್ಲ.

ಪಟ್ಟು 4.43 ಬಂದರೆ ಅದು ನೈಟ್ರೇಟ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ತಪ್ಪು ಪರೀಕ್ಷೆಯ ಅಂಕಕ್ಕಷ್ಟೇ ನಿಲ್ಲುವುದಿಲ್ಲ. ನೈಟ್ರೇಟನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ಒಂದು ಇಡೀ ನೈಟ್ರೇಟ್ ಆಗಿ, ತೂಕ 62. ಇನ್ನೊಂದು ಅದರೊಳಗಿನ ನೈಟ್ರೊಜನ್ ಮಾತ್ರ, ತೂಕ 14. 62ನ್ನು 14ರಿಂದ ಭಾಗಿಸಿದರೆ 4.43. ನಮ್ಮ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದು ಇಡೀ ನೈಟ್ರೇಟ್‌ಗೆ. ಅಮೆರಿಕದ ಮಿತಿ 10, ಅದು ನೈಟ್ರೊಜನ್‌ಗೆ. ನೋಡಲು ಬಹಳ ದೂರ, ನಿಜದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ಒಂದು ಬಾವಿಯ ವರದಿಯಲ್ಲಿ `NO3-N` 12 ಮಿಲಿಗ್ರಾಂ ಅಂತ ಇದೆ ಅಂದುಕೊಳ್ಳಿ. 12 ಅನ್ನುವುದು 45ಕ್ಕಿಂತ ಕಡಿಮೆ, ನೀರು ಒಳ್ಳೆಯದು ಅಂತ ಬರೆದರೆ ಮುಗಿಯಿತು. ಆದರೆ ಆ ಕೊನೆಯ `N` ನೈಟ್ರೊಜನ್ ಅನ್ನುತ್ತಿದೆ. 12ನ್ನು 4.43ರಿಂದ ಗುಣಿಸಿದರೆ 53. ಮಿತಿ ಮೀರಿದೆ.

ಎಚ್ಚರಿಕೆ. ಹೀಗೆ ಮೀರಿದ ನೀರನ್ನು ಪುಟ್ಟ ಮಕ್ಕಳ ಹಾಲಿನ ಪುಡಿಗೆ ಬಳಸಬಾರದು. ಹಸುಗೂಸುಗಳ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುವ ತೊಂದರೆ ಬರುತ್ತದೆ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ.

ಇದೇ ಬಗೆಯಲ್ಲಿ ಪಟ್ಟು 2.5 ಬಂದರೆ ಅದು ಗಡಸುತನದ ಲೆಕ್ಕ. ಕ್ಯಾಲ್ಸಿಯಂ 40, ಕ್ಯಾಲ್ಸಿಯಂ ಕಾರ್ಬೊನೇಟ್ 100. ಯಾವುದರ ಲೆಕ್ಕದಲ್ಲಿ ಕೇಳಿದ್ದಾರೆ ಅಂತ ಓದಿದರೆ ಸಾಕು.

ಪಟ್ಟು 0.0625 ಅಥವಾ 0.25 ಬಂದರೆ ಬ್ಲೀಚಿಂಗ್ ಪೌಡರ್. 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ 2 ಪಿಪಿಎಂ ಕ್ಲೋರಿನ್ ಬೇಕು. ಪುಡಿಯಲ್ಲಿ ಸಿಗುವ ಕ್ಲೋರಿನ್ 25%. ಎಷ್ಟು ಪುಡಿ ಹಾಕಬೇಕು? ಲೀಟರಿಗೆ 2 ಮಿಲಿಗ್ರಾಂ ಅಂದರೆ ಒಟ್ಟು 1,00,000 ಮಿಲಿಗ್ರಾಂ, ಅಂದರೆ 100 ಗ್ರಾಂ ಕ್ಲೋರಿನ್. ಪುಡಿಯ ಕಾಲು ಭಾಗ ಮಾತ್ರ ಕ್ಲೋರಿನ್ ಆದ್ದರಿಂದ 100ನ್ನು 0.25ರಿಂದ ಭಾಗಿಸಬೇಕು. 400 ಗ್ರಾಂ. ಭಾಗಿಸುವ ಬದಲು ಗುಣಿಸಿದವರಿಗೆ 25 ಗ್ರಾಂ ಬರುತ್ತದೆ, ಹದಿನಾರರಲ್ಲಿ ಒಂದು ಪಾಲು. ಶೇಕಡಾವನ್ನೇ ಮರೆತವರಿಗೆ 100 ಗ್ರಾಂ. ಬೇಕಾದ ಕ್ಲೋರಿನ್‌ಗಿಂತ ಪುಡಿ ಯಾವಾಗಲೂ ಜಾಸ್ತಿ ಇರಬೇಕು ಅನ್ನುವುದೊಂದೇ ಪರೀಕ್ಷೆ ಸಾಕು.

ಎಚ್ಚರಿಕೆ. ಈ 400 ಗ್ರಾಂ ಕಾಗದದ ಮೇಲಿನ ಉತ್ತರ. ಅದನ್ನೇ ನಂಬಿ ಊರಿನ ಟ್ಯಾಂಕಿಗೆ ಸುರಿಯಬೇಡಿ. ಚೀಲ ತೆರೆದಿಟ್ಟರೆ ಪುಡಿಯಲ್ಲಿನ ಕ್ಲೋರಿನ್ ದಿನೇ ದಿನೇ ಇಳಿಯುತ್ತದೆ. ನೀರಿನ ಕೊಳೆಯೂ ಒಂದಷ್ಟು ಕ್ಲೋರಿನ್ ತಿನ್ನುತ್ತದೆ. ನೀರಿನಲ್ಲಿ ಕೊನೆಗೆ ಉಳಿದ ಕ್ಲೋರಿನ್ ಎಷ್ಟು ಅಂತ ಕ್ಲೋರೊಸ್ಕೋಪ್‌ನಿಂದ ಅಳೆದೇ ನೋಡಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರ ಈ ಪುಡಿಯನ್ನು ಇಡಲೇಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಕೆಲವು ಲೆಕ್ಕಗಳು ತಪ್ಪುವುದಿಲ್ಲ, ಮುಂದಕ್ಕೇ ಹೋಗುವುದಿಲ್ಲ. ಪಿಎಂ 2.5 ಅಥವಾ ಪಿಎಂ 10 ಅನ್ನು ಪಿಪಿಎಂಗೆ ಬದಲಾಯಿಸಿ ಅಂತ ಕೇಳಿದ್ದರೆ ಪೆನ್ನು ಕೆಳಗಿಡಿ. ದೂಳು ಅನಿಲವಲ್ಲ. ಮಣ್ಣು, ಮಸಿ, ಉಪ್ಪು ಎಲ್ಲ ಸೇರಿದ ಅದಕ್ಕೆ ಒಂದು ಅಣುತೂಕವೂ ಇಲ್ಲ, ಮೋಲ್ ತುಂಬುವ ಜಾಗವೂ ಇಲ್ಲ. ಮಾನದಂಡದಲ್ಲೂ ಅದು ಮೈಕ್ರೊಗ್ರಾಂನಲ್ಲೇ ಇದೆ. ಗಾಳಿಯ ಸೀಸಕ್ಕೂ ಇದೇ ಮಾತು.

ಚಿಮಣಿಯ ಹೊಗೆಯ ಲೆಕ್ಕದಲ್ಲಿ `mg/Nm³` ಅಂತ ಇರುತ್ತದೆ. ಆ `N` ಕೆಲವು ಪುಸ್ತಕಗಳಲ್ಲಿ 0 ಡಿಗ್ರಿ, ಕೆಲವದರಲ್ಲಿ 25 ಡಿಗ್ರಿ. ಪ್ರಶ್ನೆ ಹೇಳದಿದ್ದರೆ ಊಹಿಸಿ ಎರಡೆರಡು ಸಲ ಲೆಕ್ಕ ಮಾಡುವುದಕ್ಕಿಂತ ಪಾಠ ಮಾಡಿದವರನ್ನು ಕೇಳುವುದೇ ಬೇಗ. ಮೇಲಿನ ಯಾವ ಪಟ್ಟಿಗೂ ನಿಮ್ಮ ಅಂಕಿ ಹೊಂದದಿದ್ದರೆ ಎರಡು ತಪ್ಪು ಒಟ್ಟಿಗೆ ಆಗಿರಬಹುದು. 1.09ರಿಂದ ಒಮ್ಮೆ, 1000ದಿಂದ ಒಮ್ಮೆ ಭಾಗಿಸಿ ನೋಡಿ. ಆಗಲೂ ಹೊಂದದಿದ್ದರೆ ಪುಸ್ತಕದ ಉತ್ತರವೇ ತಪ್ಪಿರಬಹುದು, ಇನ್ನೊಬ್ಬರ ಕೈಯಲ್ಲಿ ಲೆಕ್ಕ ಮಾಡಿಸಿ.

ನಿಜವಾದ ನೀರಿನ ವರದಿ ಕೈಯಲ್ಲಿದ್ದು ಅಂಕಿಯ ಬಗ್ಗೆ ಅನುಮಾನ ಇದ್ದರೆ ಲೆಕ್ಕದಿಂದ ತೀರ್ಮಾನ ಮಾಡಬೇಡಿ. ಪರೀಕ್ಷೆ ಮಾಡಿದ ಲ್ಯಾಬಿಗೇ ಹೋಗಿ ಯಾವ ಏಕಮಾನ, ಯಾವುದರ ಲೆಕ್ಕದಲ್ಲಿ ಅಂತ ಕೇಳಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದರೆ ಪಿಪಿಎಂ ಎಷ್ಟು ಅಂತ ನೋಡುತ್ತಾ ನಿಲ್ಲಬೇಡಿ. ಎಲ್ಲರನ್ನೂ ಕರೆದುಕೊಂಡು ಮೊದಲು ಹೊರಗೆ ಬನ್ನಿ.

ಪರೀಕ್ಷೆಯಲ್ಲಿ ತಾಪಮಾನವನ್ನೇ ಕೊಡದಿದ್ದರೆ ಉತ್ತರದ ಮೊದಲ ಸಾಲಿನಲ್ಲಿ "25 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಎಂದು ಭಾವಿಸಿದೆ" ಅಂತ ಬರೆಯಿರಿ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಹಾಗೆ ಬರೆಯಲು ಜಾಗ ಇರುವುದಿಲ್ಲ. ಅಲ್ಲಿ 25 ಡಿಗ್ರಿಯ ಉತ್ತರವನ್ನೇ ಗುರುತು ಮಾಡಿ. ಕೀ ಉತ್ತರ 0 ಡಿಗ್ರಿಯದಾಗಿದ್ದರೆ ಆಕ್ಷೇಪಣೆ ಹಾಕುವಾಗ ಎರಡೂ ಲೆಕ್ಕವನ್ನು ಅಕ್ಕಪಕ್ಕ ಬರೆದು, ಪ್ರಶ್ನೆಯಲ್ಲಿ ತಾಪಮಾನ ಇಲ್ಲ ಅನ್ನುವುದನ್ನು ತೋರಿಸಿ.